ಉತ್ತರಾಧಿಕಾರಿ ಯಾರು? ಸುನ್ನಿ–ಶಿಯಾ ಕವಲಿನ ಮೊದಲ ಐವತ್ತು ವರ್ಷಗಳು

ಇಸ್ಲಾಮಿನ ಚರಿತ್ರೆಯನ್ನು ಓದುವಾಗ ಒಂದು ಮಾತು ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಪ್ರವಾದಿ ಮುಹಮ್ಮದರ ಮರಣಾನಂತರ ಅವರ ಉತ್ತರಾಧಿಕಾರಿ ಯಾರಾಗಬೇಕು ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯ ಹುಟ್ಟಿ, ಮುಸ್ಲಿಮರು ಸುನ್ನಿ ಮತ್ತು ಶಿಯಾ ಎಂದು ಎರಡು ಪಂಗಡಗಳಾದರು ಎಂಬುದೇ ಆ ಮಾತು. ಇದು ತಪ್ಪಲ್ಲ. ಆದರೆ ಅರ್ಧ ಶತಮಾನದ ಬೆಳವಣಿಗೆಯನ್ನು ಇದು ಒಂದೇ ದಿನದ ಘಟನೆಯಂತೆ ಕಾಣಿಸುತ್ತದೆ. ಪ್ರವಾದಿಯವರು ತೀರಿಕೊಂಡ ಕ್ರಿ.ಶ. 632ರ ಜೂನ್ ತಿಂಗಳಿನಲ್ಲಿ, ಮದೀನಾ ನಗರದಲ್ಲಿ ತನ್ನನ್ನು ಸುನ್ನಿ ಎಂದಾಗಲಿ ಶಿಯಾ ಎಂದಾಗಲಿ ಕರೆದುಕೊಂಡವರು ಯಾರೂ ಇರಲಿಲ್ಲ. ಎಲ್ಲರ ನಂಬಿಕೆ ಒಂದೇ ಆಗಿತ್ತು, ಎಲ್ಲರೂ ಒಂದೇ ಮಸೀದಿಯಲ್ಲಿ ಪ್ರಾರ್ಥಿಸುತ್ತಿದ್ದರು. ಅಂದು ಎದ್ದದ್ದು ಧರ್ಮತತ್ತ್ವದ ಪ್ರಶ್ನೆಯಲ್ಲ, ಅಧಿಕಾರ ಒಬ್ಬನಿಗೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ. ಈ ಪ್ರಶ್ನೆಗೆ ಎಲ್ಲರೂ ಒಪ್ಪುವ ನಿಯಮ ಯಾವುದೂ ಇರಲಿಲ್ಲ. ಆ ಕೊರತೆ ಪ್ರತಿ ಸಲ ನಾಯಕತ್ವ ಬದಲಾದಾಗಲೂ ಹೇಗೆ ಮತ್ತೆ ಮತ್ತೆ ತಲೆಯೆತ್ತಿತು, ಕೊನೆಗೆ ಹೇಗೆ ಎರಡು ಸಮುದಾಯಗಳನ್ನು ರೂಪಿಸಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ತೆರವಾದ ಸ್ಥಾನ ಯಾವುದು?

ಮೊದಲು ತೆರವಾದ ಸ್ಥಾನದ ಸ್ವರೂಪವನ್ನು ಅರಿಯಬೇಕು. 622ರಲ್ಲಿ ಮೆಕ್ಕಾದಿಂದ ಮದೀನಾಕ್ಕೆ ವಲಸೆ ಬಂದ ಮೇಲೆ ಮುಹಮ್ಮದರು ದೇವರ ಸಂದೇಶವಾಹಕರಷ್ಟೇ ಆಗಿ ಉಳಿಯಲಿಲ್ಲ. ಜನರ ವ್ಯಾಜ್ಯಗಳನ್ನು ತೀರ್ಮಾನಿಸುತ್ತಿದ್ದವರು ಅವರೇ, ದಂಡನ್ನು ನಡೆಸುತ್ತಿದ್ದವರು ಅವರೇ, ಸಂಗ್ರಹವಾದ ಧನಧಾನ್ಯವನ್ನು ಹಂಚುತ್ತಿದ್ದವರೂ ಅವರೇ. ಅರಬ್ ಬುಡಕಟ್ಟುಗಳು ಅವರೊಂದಿಗೆ ಒಪ್ಪಂದ ಮಾಡಿಕೊಂಡು ಮದೀನಾದ ಮೇಲ್ಮೆಯನ್ನು ಒಪ್ಪಿಕೊಂಡಿದ್ದವು. ಮುಹಮ್ಮದರೇ ಕೊನೆಯ ಪ್ರವಾದಿ ಎಂಬುದು ಮುಸ್ಲಿಮರ ನಂಬಿಕೆಯಾದ್ದರಿಂದ ಪ್ರವಾದಿತ್ವ ಅವರೊಂದಿಗೇ ಮುಗಿಯಿತು. ಆದರೆ ಉಳಿದ ಕೆಲಸಗಳು ನಿಲ್ಲುವಂತಿರಲಿಲ್ಲ. ಅವುಗಳನ್ನು ಯಾರು, ಯಾವ ಹಕ್ಕಿನಿಂದ ಮುಂದುವರಿಸಬೇಕು?

ಪ್ರವಾದಿಯವರ ಗಂಡುಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಉಳಿದಿದ್ದ ಮಗಳು ಫಾತಿಮಾ. ಆಕೆಯ ಪತಿ ಅಲಿ, ಮುಹಮ್ಮದರನ್ನು ಸಾಕಿದ ದೊಡ್ಡಪ್ಪ ಅಬೂ ತಾಲಿಬರ ಮಗ. ಹೀಗೆ ಅಲಿಯವರು ರಕ್ತಸಂಬಂಧದಿಂದ ತಮ್ಮನೂ ಹೌದು, ಅಳಿಯನೂ ಹೌದು. ಇಸ್ಲಾಮನ್ನು ಮೊಟ್ಟಮೊದಲು ಸ್ವೀಕರಿಸಿದವರಲ್ಲಿ ಅವರೂ ಒಬ್ಬರು. ಯುದ್ಧಗಳಲ್ಲಿ ಹೆಸರು ಮಾಡಿದ್ದ ಅವರಿಗೆ ಆಗ ಮೂವತ್ತರ ಆಸುಪಾಸು ವಯಸ್ಸು. ಇನ್ನೊಂದು ಕಡೆ ಅರವತ್ತು ವರ್ಷದ ಅಬೂಬಕರ್ ಇದ್ದರು. ಅವರು ಪ್ರವಾದಿಯವರ ಆಪ್ತ ಸಂಗಾತಿ, ಮದೀನಾಕ್ಕೆ ವಲಸೆ ಹೋಗುವಾಗ ಜೊತೆಗಿದ್ದವರು, ಪ್ರವಾದಿಯವರ ಪತ್ನಿ ಆಯಿಷಾರ ತಂದೆ.

ಅರಬರ ಹಳೆಯ ಪದ್ಧತಿಯಲ್ಲಿ ಈ ಇಬ್ಬರ ಪರವಾಗಿಯೂ ಮಾತುಗಳಿದ್ದವು. ಬುಡಕಟ್ಟಿನ ಮುಖ್ಯಸ್ಥ ಸತ್ತಾಗ ಅವನ ಮಗನೇ ತಾನಾಗಿ ಮುಖ್ಯಸ್ಥನಾಗುತ್ತಿರಲಿಲ್ಲ. ಹಿರಿಯರು ಕೂಡಿ, ವಯಸ್ಸು, ಅನುಭವ, ದಾನಗುಣ, ಧೈರ್ಯ ಇವುಗಳನ್ನು ನೋಡಿ ಒಬ್ಬನನ್ನು ಒಪ್ಪಿಕೊಳ್ಳುತ್ತಿದ್ದರು. ಆದರೆ ಮೆಕ್ಕಾದ ಪವಿತ್ರ ಗೃಹ ಕಾಬಾದ ಸೇವೆಗೆ ಸಂಬಂಧಿಸಿದ ಕೆಲವು ಹಕ್ಕುಗಳು, ಉದಾಹರಣೆಗೆ ಯಾತ್ರಿಕರಿಗೆ ನೀರು ಕೊಡುವ ಹಕ್ಕು, ಆಯಾ ಮನೆತನಗಳಲ್ಲೇ ಉಳಿದುಕೊಂಡು ಬಂದಿದ್ದವು. ಹಾಗಾದರೆ ಪ್ರವಾದಿಯವರ ನಂತರದ ನಾಯಕತ್ವ ಬುಡಕಟ್ಟಿನ ಮುಖ್ಯಸ್ಥನ ಸ್ಥಾನದಂಥದೋ, ಪವಿತ್ರ ಮನೆತನದ ಹಕ್ಕಿನಂಥದೋ? ಇಡೀ ವಿವಾದದ ಬೀಜ ಇಲ್ಲಿದೆ.

ಎರಡು ಸೂಚನೆಗಳು, ಎರಡು ಅರ್ಥಗಳು

ಪ್ರವಾದಿಯವರೇ ಇದಕ್ಕೆ ಉತ್ತರ ಹೇಳಿ ಹೋಗಿರಲಿಲ್ಲವೇ ಎಂದು ನೀವು ಕೇಳಬಹುದು. ಎರಡು ಪಕ್ಷದವರೂ ಹೇಳಿದ್ದರು ಎಂದೇ ವಾದಿಸುತ್ತಾರೆ, ಆದರೆ ಅವರು ಬೊಟ್ಟು ಮಾಡುವ ಘಟನೆಗಳು ಬೇರೆ ಬೇರೆ.

632ರ ಮಾರ್ಚ್ ತಿಂಗಳಲ್ಲಿ ಪ್ರವಾದಿಯವರು ತಮ್ಮ ಕೊನೆಯ ಹಜ್ ಯಾತ್ರೆಯನ್ನು ಮುಗಿಸಿ ಮದೀನಾಕ್ಕೆ ಹಿಂದಿರುಗುತ್ತಿದ್ದರು. ದಾರಿಯಲ್ಲಿ ಗದೀರ್ ಖುಮ್ಮ್ ಎಂಬ ನೀರಿನ ತಾಣದಲ್ಲಿ ಪರಿವಾರವನ್ನು ನಿಲ್ಲಿಸಿ, ತಾವು ಯಾರಿಗೆ ‘ಮೌಲಾ’ ಆಗಿದ್ದೇವೋ ಅವರಿಗೆ ಅಲಿಯೂ ‘ಮೌಲಾ’ ಎಂಬರ್ಥದ ಮಾತನ್ನು ಹೇಳಿದರು. ಈ ಘಟನೆ ಶಿಯಾ ಗ್ರಂಥಗಳಲ್ಲಿ ಮಾತ್ರವಲ್ಲ, ಸುನ್ನಿಗಳು ಮಾನ್ಯ ಮಾಡುವ ಹದೀಸ್ ಸಂಗ್ರಹಗಳಲ್ಲಿಯೂ ದಾಖಲಾಗಿದೆ ಎಂಬುದನ್ನು ಗಮನಿಸಬೇಕು. ಆದ್ದರಿಂದ ಜಗಳ ಘಟನೆ ನಡೆಯಿತೋ ಇಲ್ಲವೋ ಎಂಬುದರ ಬಗ್ಗೆ ಅಷ್ಟಾಗಿ ಇಲ್ಲ, ಒಂದು ಪದದ ಅರ್ಥದ ಬಗ್ಗೆ ಇದೆ. ಅರಬಿಯಲ್ಲಿ ‘ಮೌಲಾ’ ಎಂದರೆ ಒಡೆಯ, ಆಶ್ರಯದಾತ, ಆಪ್ತಮಿತ್ರ ಎಂಬ ಹಲವು ಅರ್ಥಗಳಿವೆ. ಶಿಯಾಗಳು ಒಡೆಯ ಎಂಬ ಅರ್ಥವನ್ನು ತೆಗೆದುಕೊಂಡು, ಅಲಿಯವರನ್ನು ಅಂದೇ ಉತ್ತರಾಧಿಕಾರಿಯಾಗಿ ನೇಮಿಸಲಾಯಿತು ಎನ್ನುತ್ತಾರೆ. ಸುನ್ನಿ ವಿದ್ವಾಂಸರ ವಿವರಣೆ ಬೇರೆ. ಅದಕ್ಕೆ ಸ್ವಲ್ಪ ಮೊದಲು ಯೆಮನ್‌ಗೆ ಹೋಗಿದ್ದ ದಂಡಿನ ಕೆಲವರು ಅಲಿಯವರ ಕಟ್ಟುನಿಟ್ಟಿನ ಬಗ್ಗೆ ಗೊಣಗಿದ್ದರು. ಅವರನ್ನು ಸುಮ್ಮನಾಗಿಸಿ ಅಲಿಯವರ ಬಗ್ಗೆ ಪ್ರೀತಿ ಗೌರವ ಇರಲಿ ಎಂದು ಪ್ರವಾದಿಯವರು ಹೇಳಿದರೇ ಹೊರತು ರಾಜ್ಯಭಾರವನ್ನು ಒಪ್ಪಿಸಲಿಲ್ಲ ಎನ್ನುತ್ತಾರೆ.

ಸುನ್ನಿಗಳು ತೋರಿಸುವ ಘಟನೆ ಪ್ರವಾದಿಯವರ ಕೊನೆಯ ಕಾಯಿಲೆಯ ದಿನಗಳದು. ಮಸೀದಿಗೆ ಹೋಗಲು ಶಕ್ತಿ ಇಲ್ಲದಾಗ, ತಮ್ಮ ಬದಲಿಗೆ ಸಾಮೂಹಿಕ ಪ್ರಾರ್ಥನೆಯನ್ನು ಅಬೂಬಕರ್ ಅವರು ನಡೆಸಿಕೊಡಲಿ ಎಂದು ಅವರು ಸೂಚಿಸಿದರು. ಪ್ರಾರ್ಥನೆಯಲ್ಲಿ ಮುಂದೆ ನಿಂತವರೇ ಸಮುದಾಯಕ್ಕೂ ಮುಂದಾಳು ಎಂದು ಕೆಲವರು ಅರ್ಥಮಾಡಿಕೊಂಡರು. ಪ್ರಾರ್ಥನೆ ನಡೆಸುವುದು ಬೇರೆ, ಆಡಳಿತ ಬೇರೆ ಎಂಬುದು ಇನ್ನೊಂದು ಪಕ್ಷದ ಉತ್ತರ. ಎರಡೂ ಕಡೆ ಸೂಚನೆ ಇತ್ತು, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಎಲ್ಲರ ಒಪ್ಪಿಗೆ ಪಡೆದ ಆಜ್ಞೆ ಇರಲಿಲ್ಲ.

ಸಖೀಫಾದ ಒಂದು ದಿನ

ಈಗ ನಿರ್ಣಾಯಕ ದಿನಕ್ಕೆ ಬರೋಣ. ಅದಕ್ಕೂ ಮೊದಲು ಒಂದು ಎಚ್ಚರಿಕೆ ಅಗತ್ಯ. ಆ ದಿನದ ವಿವರಗಳನ್ನು ನಮಗೆ ತಿಳಿಸುವ ಗ್ರಂಥಗಳು ಬಹಳ ತಡವಾಗಿ ರಚಿತವಾದವು. ಪ್ರವಾದಿಯವರ ಜೀವನಚರಿತ್ರೆ ಬರೆದ ಇಬ್ನ್ ಇಸ್‌ಹಾಖ್ ಬದುಕಿದ್ದು ಎಂಟನೆಯ ಶತಮಾನದಲ್ಲಿ, ಬೃಹತ್ ಇತಿಹಾಸ ಬರೆದ ತಬರಿ ತೀರಿಕೊಂಡದ್ದು 923ರಲ್ಲಿ. ಅಷ್ಟರಲ್ಲಿ ಪಂಗಡಗಳು ಬೆಳೆದಿದ್ದವು. ಆದ್ದರಿಂದ ಯಾರು ಯಾವ ಮಾತನ್ನು ಆಡಿದರು ಎಂಬುದನ್ನು ಅಕ್ಷರಶಃ ನಂಬುವಂತಿಲ್ಲ. ಆದರೆ ಬೇರೆ ಬೇರೆ ಮೂಲಗಳಲ್ಲಿ ಘಟನೆಯ ಚೌಕಟ್ಟು ಬಹುಮಟ್ಟಿಗೆ ಒಂದೇ ರೀತಿ ಕಾಣಿಸುತ್ತದೆ.

ಮದೀನಾದ ಮುಸ್ಲಿಮರಲ್ಲಿ ಆಗ ಎರಡು ಗುಂಪುಗಳಿದ್ದವು. ಮೆಕ್ಕಾದಿಂದ ವಲಸೆ ಬಂದವರನ್ನು ಮುಹಾಜಿರರು ಎನ್ನುತ್ತಿದ್ದರು. ಇವರು ಹೆಚ್ಚಾಗಿ ಖುರೈಷ್ ಬುಡಕಟ್ಟಿನವರು. ಅವರಿಗೆ ಆಶ್ರಯ ಕೊಟ್ಟ ಸ್ಥಳೀಯರು ಅನ್ಸಾರರು, ಎಂದರೆ ನೆರವಾದವರು. ಅನ್ಸಾರರಲ್ಲಿಯೂ ಔಸ್ ಮತ್ತು ಖಝ್ರಜ್ ಎಂಬ ಎರಡು ಬುಡಕಟ್ಟುಗಳು. ಇಸ್ಲಾಂ ಬರುವ ಕೆಲವೇ ವರ್ಷಗಳ ಮುಂಚೆ ಈ ಎರಡೂ ಬುಆಸ್ ಎಂಬಲ್ಲಿ ಭೀಕರವಾಗಿ ಕಾದಾಡಿದ್ದವು. ಆ ಗಾಯ ಪೂರ್ತಿ ಮಾಸಿರಲಿಲ್ಲ.

ಪ್ರವಾದಿಯವರು ತೀರಿಕೊಂಡ ಸುದ್ದಿ ಹರಡಿದೊಡನೆ ಅನ್ಸಾರರು ಬನೂ ಸಾಇದಾ ಕುಲದವರ ಚಪ್ಪರದಡಿ ಸಭೆ ಸೇರಿದರು. ಚಪ್ಪರಕ್ಕೆ ಅರಬಿಯಲ್ಲಿ ಸಖೀಫಾ ಎನ್ನುತ್ತಾರೆ. ತಮ್ಮ ಊರು ತಮ್ಮದು, ಪ್ರವಾದಿಗೆ ಆಶ್ರಯ ಕೊಟ್ಟವರು ತಾವು, ಇನ್ನು ಮುಂದೆ ಮೆಕ್ಕಾದವರ ಕೈಕೆಳಗೆ ಏಕೆ ಇರಬೇಕು ಎಂಬುದು ಅವರ ಆಲೋಚನೆ. ಖಝ್ರಜ್ ಮುಖಂಡ ಸಅದ್ ಇಬ್ನ್ ಉಬಾದಾ ಅಸ್ವಸ್ಥರಾಗಿದ್ದರೂ ಅವರನ್ನು ಅಲ್ಲಿಗೆ ಕರೆತರಲಾಗಿತ್ತು. ಈ ವಿಷಯ ತಿಳಿದ ಅಬೂಬಕರ್, ಉಮರ್ ಮತ್ತು ಅಬೂ ಉಬೈದಾ ಮೂವರೂ ಅವಸರದಿಂದ ಅಲ್ಲಿಗೆ ಹೋದರು. ಅದೇ ಸಮಯದಲ್ಲಿ ಅಲಿಯವರೂ ಪ್ರವಾದಿಯವರ ಹತ್ತಿರದ ಬಂಧುಗಳೂ ಮನೆಯಲ್ಲಿ ಅಂತ್ಯಸಂಸ್ಕಾರದ ಸಿದ್ಧತೆಯಲ್ಲಿ ತೊಡಗಿದ್ದರು. ಸಭೆಗೆ ಅವರನ್ನು ಯಾರೂ ಕರೆಯಲಿಲ್ಲ.

ಚಪ್ಪರದಡಿ ನಡೆದ ಚರ್ಚೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಿದರೆ ಅಬೂಬಕರ್ ಹೇಗೆ ಆಯ್ಕೆಯಾದರು ಎಂಬುದು ತಿಳಿಯುತ್ತದೆ. ಅನ್ಸಾರರು ಮಾಡಿದ ಉಪಕಾರವನ್ನು ಅಬೂಬಕರ್ ಮನಸಾರೆ ಒಪ್ಪಿಕೊಂಡರು. ಆದರೆ ಅರಬ್ ದೇಶದ ಉಳಿದ ಬುಡಕಟ್ಟುಗಳು ಖುರೈಷರಲ್ಲದ ಬೇರೆಯವರ ನಾಯಕತ್ವವನ್ನು ಒಪ್ಪುವುದಿಲ್ಲ ಎಂದು ವಾದಿಸಿದರು. ಆಗ ಅನ್ಸಾರರ ಕಡೆಯಿಂದ ಹುಬಾಬ್ ಎಂಬವರು, ನಿಮ್ಮಿಂದ ಒಬ್ಬ ನಾಯಕ, ನಮ್ಮಿಂದ ಒಬ್ಬ ನಾಯಕ ಇರಲಿ ಎಂಬ ಸಲಹೆ ಇಟ್ಟರು. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರದು ಎನ್ನುವಂತೆ ಇದನ್ನು ಮುಹಾಜಿರರು ತಳ್ಳಿಹಾಕಿದರು. ಈ ಹಂತದಲ್ಲಿ ಅನ್ಸಾರರ ಹಳೆಯ ಬಿರುಕು ತನ್ನ ಕೆಲಸ ಮಾಡಿತು. ಸಅದ್ ನಾಯಕರಾದರೆ ಖಝ್ರಜರ ಕೈ ಶಾಶ್ವತವಾಗಿ ಮೇಲಾಗುತ್ತದೆ ಎಂಬ ಆತಂಕ ಔಸರಿಗೆ. ಖಝ್ರಜರಲ್ಲೇ ಬಷೀರ್ ಎಂಬ ಒಬ್ಬ ಪ್ರಮುಖರು ಸಅದರ ಪರ ನಿಲ್ಲಲಿಲ್ಲ. ಗದ್ದಲ ಹೆಚ್ಚಾದಾಗ ಉಮರ್ ಮುಂದೆ ಬಂದು ಅಬೂಬಕರ್ ಅವರ ಕೈ ಹಿಡಿದು ನಿಷ್ಠೆಯ ಪ್ರಮಾಣ ಮಾಡಿದರು. ಕೈಯಲ್ಲಿ ಕೈಯಿಟ್ಟು ಮಾಡುವ ಈ ಪ್ರಮಾಣಕ್ಕೆ ಬೈಅತ್ ಎಂದು ಹೆಸರು. ಒಬ್ಬರ ಹಿಂದೆ ಒಬ್ಬರಂತೆ ಉಳಿದವರೂ ಬೈಅತ್ ಮಾಡಿದರು. ಮರುದಿನ ಮಸೀದಿಯಲ್ಲಿ ಸಾರ್ವಜನಿಕವಾಗಿ ಅದು ನಡೆಯಿತು. ಸಅದ್ ಮಾತ್ರ ಕೊನೆಯವರೆಗೂ ಪ್ರಮಾಣ ಮಾಡಲಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗುತ್ತದೆ. ಸಖೀಫಾದಲ್ಲಿ ನಡೆದ ಸ್ಪರ್ಧೆ ಅಬೂಬಕರ್ ಮತ್ತು ಅಲಿಯವರ ನಡುವಿನದಲ್ಲ, ಮೆಕ್ಕಾದವರು ಮತ್ತು ಮದೀನಾದವರ ನಡುವಿನದು. ಅಲಿಯವರ ಹೆಸರು ಪೂರ್ಣ ಚರ್ಚೆಗೆ ಬರುವ ಮೊದಲೇ ಎಲ್ಲವೂ ಮುಗಿದಿತ್ತು. ತಾವು ಒಮ್ಮೆ ಅಲ್ಲಿಂದ ಎದ್ದು ಬಂದಿದ್ದರೆ ಅನ್ಸಾರರು ತಮ್ಮವರೊಬ್ಬರನ್ನು ಆರಿಸಿಬಿಡುತ್ತಿದ್ದರು, ಆಮೇಲೆ ಒಪ್ಪಿದರೂ ಕಷ್ಟ, ವಿರೋಧಿಸಿದರೂ ಕಷ್ಟ ಎಂಬ ಭಯ ತಮಗಿತ್ತೆಂದು ಉಮರ್ ಮುಂದೆ ಹೇಳಿದ್ದಾಗಿ ಸುನ್ನಿ ಸಂಪ್ರದಾಯವೇ ದಾಖಲಿಸುತ್ತದೆ. ಅದು ಅವಸರದಲ್ಲಿ ನಡೆದುಹೋದ ಕೆಲಸ, ದೇವರ ದಯೆಯಿಂದ ಕೆಡುಕಾಗಲಿಲ್ಲ, ಆದರೆ ಸಮಾಲೋಚನೆ ಇಲ್ಲದೆ ಹಾಗೆ ಮತ್ತೆ ಯಾರೂ ಮಾಡಕೂಡದು ಎಂದೂ ಅವರು ಎಚ್ಚರಿಸಿದ್ದರಂತೆ. ಆಯ್ಕೆಯನ್ನು ಮುಂದೆ ನಿಂತು ಮಾಡಿಸಿದವರೇ ಅದನ್ನು ಮಾದರಿಯಾಗಿ ಕಾಣಲಿಲ್ಲ.

ಅಲಿಯವರ ನಿಲುವು

ಅಲಿಯವರು ಕೂಡಲೇ ಬೈಅತ್ ಮಾಡಲಿಲ್ಲ. ಪ್ರವಾದಿಯವರ ಕುಲವಾದ ಬನೂ ಹಾಷಿಮ್‌ನವರೂ ಬೇರೆ ಕೆಲವರೂ ಅವರೊಂದಿಗಿದ್ದರು. ಇಷ್ಟರಲ್ಲಿ ಇನ್ನೊಂದು ನೋವು ಸೇರಿಕೊಂಡಿತು. ಮದೀನಾದ ಉತ್ತರಕ್ಕೆ ಫದಕ್ ಎಂಬ ಖರ್ಜೂರದ ತೋಟಗಳ ಊರಿತ್ತು. ಅದು ತಂದೆಯಿಂದ ತಮಗೆ ಬರಬೇಕು ಎಂದು ಫಾತಿಮಾ ಕೇಳಿದರು. ಪ್ರವಾದಿಗಳು ಬಿಟ್ಟುಹೋದದ್ದು ವಾರಸುದಾರರಿಗೆ ಸೇರುವುದಿಲ್ಲ, ಸಮುದಾಯಕ್ಕೆ ಸೇರುತ್ತದೆ ಎಂದು ಪ್ರವಾದಿಯವರೇ ಹೇಳಿದ್ದನ್ನು ತಾವು ಕೇಳಿದ್ದೇವೆ ಎಂದು ಅಬೂಬಕರ್ ಒಪ್ಪಲಿಲ್ಲ. ಮೇಲ್ನೋಟಕ್ಕೆ ಇದೊಂದು ಆಸ್ತಿಯ ವಿಚಾರ. ಆದರೆ ಪ್ರವಾದಿಯವರ ಮನೆತನಕ್ಕೆ ವಿಶೇಷ ಹಕ್ಕು ಇದೆಯೇ ಎಂಬ ಪ್ರಶ್ನೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ಎದ್ದಿತ್ತು. ಫಾತಿಮಾ ಅದೇ ವರ್ಷ ತೀರಿಕೊಂಡರು. ಸುನ್ನಿಗಳ ಪ್ರಮುಖ ಸಂಗ್ರಹದ ವರದಿಯಂತೆ, ಸುಮಾರು ಆರು ತಿಂಗಳ ನಂತರ ಅಲಿಯವರು ಅಬೂಬಕರ್ ಅವರಿಗೆ ಬೈಅತ್ ಮಾಡಿದರು.

ಆಗ ಅನೇಕ ಬುಡಕಟ್ಟುಗಳು ಮದೀನಾದ ವಿರುದ್ಧ ದಂಗೆ ಎದ್ದಿದ್ದವು. ಅಲಿಯವರು ಕತ್ತಿ ಹಿಡಿದಿದ್ದರೆ ಹೊಸ ಸಮುದಾಯವೇ ಉಳಿಯುತ್ತಿತ್ತೋ ಇಲ್ಲವೋ. ಸಮುದಾಯದ ಒಗ್ಗಟ್ಟಿಗಾಗಿ ಅವರು ತಮ್ಮ ಹಕ್ಕನ್ನು ಬದಿಗಿಟ್ಟು ಸಹಿಸಿಕೊಂಡರು ಎಂಬುದು ಶಿಯಾ ವಿವರಣೆ. ಅವರು ಮನಃಪೂರ್ವಕವಾಗಿ ಒಪ್ಪಿದರು ಎಂಬುದು ಸುನ್ನಿ ವಿವರಣೆ. ಎರಡರಲ್ಲೂ ಸಮಾನವಾಗಿರುವ ಅಂಶ ಒಂದಿದೆ: ಮುಂದಿನ ಇಪ್ಪತ್ತನಾಲ್ಕು ವರ್ಷ ಅವರು ದಂಗೆ ಏಳಲಿಲ್ಲ.

ಮೂವರು ಖಲೀಫರು, ಮೂರು ವಿಧಾನಗಳು

ಉತ್ತರಾಧಿಕಾರಿ ಎಂಬ ಅರ್ಥದ ‘ಖಲೀಫ’ ಎಂಬ ಬಿರುದು ಹೀಗೆ ಬಳಕೆಗೆ ಬಂದಿತು. ಆದರೆ ಖಲೀಫರನ್ನು ಆರಿಸುವ ಕ್ರಮ ಮಾತ್ರ ನೆಲೆಗೊಳ್ಳಲಿಲ್ಲ. 634ರಲ್ಲಿ ಮರಣಶಯ್ಯೆಯಲ್ಲಿದ್ದ ಅಬೂಬಕರ್ ಅವರು ತಾವೇ ಉಮರ್ ಅವರನ್ನು ಹೆಸರಿಸಿದರು. ಅಲ್ಲಿ ಸಭೆಯೂ ಇಲ್ಲ, ಸ್ಪರ್ಧೆಯೂ ಇಲ್ಲ. ಹತ್ತು ವರ್ಷಗಳ ನಂತರ, 644ರಲ್ಲಿ ಉಮರ್ ಅವರಿಗೆ ಮಸೀದಿಯಲ್ಲೇ ಒಬ್ಬ ಇರಿದ. ಸಾಯುವ ಮುನ್ನ ಅವರು ಮೂರನೆಯ ವಿಧಾನವೊಂದನ್ನು ಗೊತ್ತುಮಾಡಿದರು. ಆರು ಜನರ ಸಮಿತಿ ಮೂರು ದಿನಗಳಲ್ಲಿ ತಮ್ಮೊಳಗೆ ಒಬ್ಬರನ್ನು ಆರಿಸಬೇಕು. ಅಲಿ, ಉಸ್ಮಾನ್, ತಲ್ಹಾ, ಝುಬೈರ್, ಸಅದ್ ಇಬ್ನ್ ಅಬೀ ವಖ್ಖಾಸ್ ಮತ್ತು ಅಬ್ದುರ್ರಹ್ಮಾನ್ ಇಬ್ನ್ ಔಫ್ ಆ ಆರು ಮಂದಿ. ಆರು ಮಂದಿಯೂ ಮೆಕ್ಕಾ ಮೂಲದವರು. ಅನ್ಸಾರರಿಗೆ ಈಗ ಜಾಗವೇ ಇರಲಿಲ್ಲ.

ಅಬ್ದುರ್ರಹ್ಮಾನ್ ತಾವು ಸ್ಪರ್ಧೆಯಿಂದ ಹಿಂದೆ ಸರಿದು ನಿರ್ಣಾಯಕರಾದರು. ಕೊನೆಗೆ ಉಳಿದವರು ಅಲಿ ಮತ್ತು ಉಸ್ಮಾನ್. ಅವರಿಬ್ಬರಿಗೂ ಅಬ್ದುರ್ರಹ್ಮಾನ್ ಒಂದೇ ಪ್ರಶ್ನೆ ಕೇಳಿದರೆಂದು ಇತಿಹಾಸಕಾರರು ಬರೆಯುತ್ತಾರೆ: ದೇವರ ಗ್ರಂಥ, ಪ್ರವಾದಿಯವರ ನಡೆ ಹಾಗೂ ಮೊದಲ ಇಬ್ಬರು ಖಲೀಫರ ಪದ್ಧತಿ, ಈ ಮೂರನ್ನೂ ಅನುಸರಿಸುವಿರಾ? ಉಸ್ಮಾನ್ ಹೌದು ಎಂದರು. ಅಲಿಯವರು ತಮ್ಮ ಅರಿವಿಗೂ ಶಕ್ತಿಗೂ ತಕ್ಕಂತೆ ನಡೆಯುತ್ತೇನೆ ಎಂಬರ್ಥದ ಉತ್ತರ ಕೊಟ್ಟರು. ಆಯ್ಕೆ ಉಸ್ಮಾನರ ಪಾಲಾಯಿತು. ಅಬ್ದುರ್ರಹ್ಮಾನರ ಪತ್ನಿ ಉಸ್ಮಾನರ ಮಲಸಹೋದರಿ ಎಂಬುದನ್ನು ಅಲಿಯವರ ಪಕ್ಷದವರು ಮರೆಯಲಿಲ್ಲ.

ಈ ಪ್ರಶ್ನೋತ್ತರದ ಮೂರನೆಯ ಷರತ್ತನ್ನು ಮತ್ತೊಮ್ಮೆ ಓದಿ. ಮೊದಲ ಇಬ್ಬರು ಖಲೀಫರ ಪದ್ಧತಿಯೂ ಮುಂದಿನವರನ್ನು ಕಟ್ಟಿಹಾಕುತ್ತದೆ ಎಂದು ಒಬ್ಬರ ಮತ. ಗ್ರಂಥ ಮತ್ತು ಪ್ರವಾದಿಯವರ ನಡೆಯ ಆಚೆಗೆ, ಅವುಗಳನ್ನು ಬಲ್ಲ ನಾಯಕನ ವಿವೇಕವೇ ಸಾಕು ಎಂದು ಇನ್ನೊಬ್ಬರ ಮತ. ಸಮುದಾಯದ ಸಂಪ್ರದಾಯಕ್ಕೆ ಒತ್ತು ಕೊಡುವ ಸುನ್ನಿ ಚಿಂತನೆ, ಜ್ಞಾನಿಯಾದ ಇಮಾಮರಿಗೆ ಒತ್ತು ಕೊಡುವ ಶಿಯಾ ಚಿಂತನೆ ಎರಡೂ ಇಲ್ಲಿ ಮೊಳಕೆಯ ರೂಪದಲ್ಲಿ ಕಾಣುತ್ತವೆ.

ಹಣ, ದಂಡಿನ ನಗರಗಳು ಮತ್ತು ಒಂದು ಕೊಲೆ

ಹೀಗಿದ್ದರೂ ಇದು ಮದೀನಾದ ಕೆಲವು ಹಿರಿಯರ ನಡುವಿನ ಭಿನ್ನಮತವಾಗಿಯೇ ಉಳಿಯಬಹುದಿತ್ತು. ಅದನ್ನು ಸಾವಿರಾರು ಜನರ ಪ್ರಶ್ನೆಯಾಗಿಸಿದ್ದು ರಾಜ್ಯದ ವಿಸ್ತಾರ. ಉಮರ್ ಅವರ ಕಾಲದಲ್ಲಿ ಸಿರಿಯಾ, ಇರಾಕ್, ಈಜಿಪ್ಟ್‌ಗಳು ಅರಬರ ವಶವಾದವು. ಇರಾಕಿನಲ್ಲಿ ಕೂಫಾ ಮತ್ತು ಬಸ್ರಾ, ಈಜಿಪ್ಟಿನಲ್ಲಿ ಫುಸ್ತಾತ್ ಎಂಬ ದಂಡಿನ ನಗರಗಳು ಹುಟ್ಟಿದವು. ಅಲ್ಲಿನ ಯೋಧರ ಹೆಸರುಗಳನ್ನು ದಿವಾನ್ ಎಂಬ ಪಟ್ಟಿಯಲ್ಲಿ ಬರೆದು ವರ್ಷಾಶನ ಕೊಡಲಾಗುತ್ತಿತ್ತು. ಇಸ್ಲಾಮಿಗೆ ಯಾರು ಎಷ್ಟು ಮೊದಲು ಬಂದು ಸೇವೆ ಸಲ್ಲಿಸಿದರು ಎಂಬುದರ ಮೇಲೆ ಮೊತ್ತ ನಿಗದಿಯಾಗುತ್ತಿತ್ತು.

ಉಸ್ಮಾನ್ ಉಮಯ್ಯ ಎಂಬ ಶ್ರೀಮಂತ ಕುಲದವರು. ಆ ಕುಲದ ಹಲವರು ಬಹುಕಾಲ ಪ್ರವಾದಿಯವರನ್ನು ವಿರೋಧಿಸಿ ತಡವಾಗಿ ಇಸ್ಲಾಮಿಗೆ ಬಂದವರು. ಉಸ್ಮಾನ್ ಅವರು ಕೂಫಾ, ಬಸ್ರಾ ಮತ್ತು ಈಜಿಪ್ಟ್‌ಗಳಿಗೆ ತಮ್ಮ ಬಂಧುಗಳನ್ನೇ ಅಧಿಕಾರಿಗಳಾಗಿ ಕಳಿಸಿದರು. ಸಿರಿಯಾದಲ್ಲಿ ಉಮರ್ ಕಾಲದಿಂದಲೇ ಇದ್ದ ಅದೇ ಕುಲದ ಮುಆವಿಯಾ ಇನ್ನಷ್ಟು ಬಲಗೊಂಡರು. ದೂರದ ಸೀಮೆಗಳನ್ನು ನಂಬಿಕಸ್ಥರಿಂದ ಹಿಡಿತದಲ್ಲಿಡುವುದು ಉಸ್ಮಾನರ ಉದ್ದೇಶವಾಗಿರಬಹುದು. ಆದರೆ ಕೂಫಾದ ಹಳೆಯ ಯೋಧನಿಗೆ ಕಂಡದ್ದೇ ಬೇರೆ. ನಿನ್ನೆಯವರೆಗೆ ಎದುರು ಪಕ್ಷದಲ್ಲಿದ್ದವರು ಇಂದು ತನ್ನ ಮೇಲೆ ಆಳುತ್ತಿದ್ದಾರೆ, ತಾನು ಗೆದ್ದ ನೆಲದ ಆದಾಯ ಅವರ ಕೈಸೇರುತ್ತಿದೆ. ಇಂಥ ಅಸಮಾಧಾನಕ್ಕೆ ಒಂದು ಹೆಸರು ಬೇಕಾಗಿತ್ತು. ಪ್ರವಾದಿಯವರ ಮನೆಯವರೂ ನ್ಯಾಯನಿಷ್ಠರೂ ಆದ ಅಲಿಯವರ ಹೆಸರು ಅದಕ್ಕೆ ಸಿಕ್ಕಿತು.

656ರಲ್ಲಿ ಈಜಿಪ್ಟ್ ಮತ್ತು ಇರಾಕಿನಿಂದ ಬಂದ ಬಂಡುಕೋರರು ಮದೀನಾದಲ್ಲಿ ಉಸ್ಮಾನರ ಮನೆಯನ್ನು ಮುತ್ತಿ ಅವರನ್ನು ಕೊಂದರು. ಆ ಗೊಂದಲದ ನಡುವೆ ಅಲಿಯವರು ನಾಲ್ಕನೆಯ ಖಲೀಫರಾದರು. ಆದರೆ ಈ ಸಲ ಬೈಅತ್ ಸರ್ವಸಮ್ಮತವಾಗಿರಲಿಲ್ಲ. ಉಸ್ಮಾನರ ಕೊಲೆಗಾರರಿಗೆ ಮೊದಲು ಶಿಕ್ಷೆಯಾಗಲಿ ಎಂದು ಆಯಿಷಾ, ತಲ್ಹಾ ಮತ್ತು ಝುಬೈರ್ ಸೈನ್ಯ ಕಟ್ಟಿದರು. ಅದೇ ವರ್ಷ ಬಸ್ರಾದ ಬಳಿ ಕಾಳಗ ನಡೆದು ತಲ್ಹಾ, ಝುಬೈರ್ ಇಬ್ಬರೂ ಅಳಿದರು. ಆರು ಜನರ ಸಮಿತಿಯಲ್ಲಿ ಒಟ್ಟಿಗೆ ಕುಳಿತಿದ್ದವರು ಹನ್ನೆರಡು ವರ್ಷಗಳಲ್ಲಿ ರಣರಂಗದಲ್ಲಿ ಎದುರುಬದುರಾಗಿದ್ದರು. ಮರುವರ್ಷ ಯೂಫ್ರಟಿಸ್ ನದಿಯ ಬಳಿಯ ಸಿಫ್ಫೀನ್‌ನಲ್ಲಿ ಮುಆವಿಯಾರ ಸಿರಿಯಾ ಸೈನ್ಯ ಮತ್ತು ಅಲಿಯವರ ಇರಾಕ್ ಸೈನ್ಯ ಮುಖಾಮುಖಿಯಾದವು. ಯುದ್ಧ ತೀರ್ಮಾನವಾಗದೆ ಪಂಚಾಯಿತಿಗೆ ಒಪ್ಪಿಸಲಾಯಿತು. ದೇವರ ತೀರ್ಪನ್ನು ಮನುಷ್ಯರ ಪಂಚಾಯಿತಿಗೆ ಬಿಡುವುದೇ ಪಾಪ ಎಂದು ಅಲಿಯವರ ಸೈನ್ಯದಿಂದಲೇ ಒಂದು ಗುಂಪು ಸಿಡಿದು ಹೊರಬಂತು. ಖವಾರಿಜರು ಎಂದು ಹೆಸರಾದ ಆ ಗುಂಪಿನವನೊಬ್ಬ 661ರಲ್ಲಿ ಕೂಫಾದಲ್ಲಿ ಅಲಿಯವರನ್ನು ಕೊಂದ.

ಈ ಯುದ್ಧಗಳ ಕಾಲದಲ್ಲೇ ‘ಶಿಯಾ’ ಎಂಬ ಪದ ಚಲಾವಣೆಗೆ ಬಂದಿತು. ಅದರ ಅರ್ಥ ಪಕ್ಷ ಅಥವಾ ಬೆಂಬಲಿಗರ ಗುಂಪು ಎಂದಷ್ಟೇ. ಅಲಿಯವರ ಶಿಯಾ ಇದ್ದ ಹಾಗೆಯೇ ಉಸ್ಮಾನರ ಶಿಯಾ ಕೂಡ ಇತ್ತು. ಇನ್ನೂ ಇವು ರಾಜಕೀಯ ಪಕ್ಷಗಳು, ಧಾರ್ಮಿಕ ಪಂಗಡಗಳಲ್ಲ.

ಪಕ್ಷವು ಪಂಗಡವಾದದ್ದು: ಕರ್ಬಲಾ

ಅಲಿಯವರ ಹಿರಿಯ ಮಗ ಹಸನ್ ಒಪ್ಪಂದ ಮಾಡಿಕೊಂಡು ಅಧಿಕಾರ ಬಿಟ್ಟುಕೊಟ್ಟರು. ಮುಆವಿಯಾ ಡಮಾಸ್ಕಸ್‌ನಿಂದ ಹತ್ತೊಂಬತ್ತು ವರ್ಷ ಆಳಿದರು. ಬಳಿಕ ಅವರು ಯಾವ ಖಲೀಫರೂ ಮಾಡಿರದ ಕೆಲಸ ಮಾಡಿದರು. ತಾವು ಬದುಕಿರುವಾಗಲೇ ಮಗ ಯಝೀದನಿಗೆ ಬೈಅತ್ ಮಾಡಿಸಿದರು. ಹೀಗೆ ಮನೆತನದ ಹಕ್ಕು ಬಂದೇ ಬಂದಿತು, ಆದರೆ ಪ್ರವಾದಿಯವರ ಮನೆತನಕ್ಕಲ್ಲ. ಇದನ್ನು ವಿರೋಧಿಸಿದವರು ಅಲಿಯವರ ಕಿರಿಯ ಮಗ ಹುಸೇನ್ ಒಬ್ಬರೇ ಅಲ್ಲ. ಝುಬೈರ್ ಅವರ ಮಗನೂ ಒಪ್ಪಲಿಲ್ಲ, ಅಬೂಬಕರ್ ಅವರ ಮಗನೂ ಆಕ್ಷೇಪಿಸಿದರೆಂದು ವರದಿಗಳಿವೆ.

680ರಲ್ಲಿ ಮುಆವಿಯಾ ತೀರಿಕೊಂಡಾಗ ಕೂಫಾದ ಜನ ಹುಸೇನರಿಗೆ ಓಲೆಗಳನ್ನು ಬರೆದು, ಬಂದು ನಾಯಕತ್ವ ವಹಿಸಿ ಎಂದು ಕರೆದರು. ಹುಸೇನರು ತಮ್ಮ ಸೋದರಸಂಬಂಧಿ ಮುಸ್ಲಿಮ್ ಇಬ್ನ್ ಅಖೀಲ್ ಅವರನ್ನು ಮುಂದಾಗಿ ಕಳಿಸಿದರು. ಯಝೀದನ ಅಧಿಕಾರಿ ಉಬೈದುಲ್ಲಾ ಕೂಫಾವನ್ನು ಬಿಗಿಹಿಡಿದು ಮುಸ್ಲಿಮರನ್ನು ಕೊಲ್ಲಿಸಿದ. ಕರೆದ ಜನ ಹೆದರಿ ಮನೆ ಸೇರಿದರು. ದಾರಿಯಲ್ಲಿದ್ದ ಹುಸೇನರನ್ನೂ ಅವರ ಕುಟುಂಬವನ್ನೂ ಕರ್ಬಲಾದ ಬಯಲಿನಲ್ಲಿ ದೊಡ್ಡ ಸೈನ್ಯ ತಡೆದು, ನದಿಯ ನೀರು ಸಿಗದಂತೆ ಮಾಡಿತು. ಮೊಹರಂ ತಿಂಗಳ ಹತ್ತನೆಯ ದಿನ, ಅಂದರೆ 680ರ ಅಕ್ಟೋಬರ್ 10ರಂದು, ಹುಸೇನರೂ ಪರಂಪರೆಯ ಎಣಿಕೆಯಂತೆ 72 ಮಂದಿ ಸಂಗಡಿಗರೂ ಹತರಾದರು. ಎದುರು ಸೈನ್ಯದ ದಂಡನಾಯಕ ಉಮರ್ ಇಬ್ನ್ ಸಅದ್. ಆತ ಆರು ಜನರ ಸಮಿತಿಯಲ್ಲಿದ್ದ ಸಅದ್ ಇಬ್ನ್ ಅಬೀ ವಖ್ಖಾಸರ ಮಗ.

ಸೈನಿಕವಾಗಿ ಇದು ಒಂದೇ ದಿನದ ಸಣ್ಣ ಕಾಳಗ. ಆದರೆ ಪ್ರವಾದಿಯವರ ಮೊಮ್ಮಗನನ್ನು ಮುಸ್ಲಿಮರೇ ಕೊಂದಿದ್ದರು. ಕರೆದು ಕೈಬಿಟ್ಟ ಕೂಫಾದ ಜನರಲ್ಲಿ ಪಶ್ಚಾತ್ತಾಪ ಕುದಿಯಿತು. ನಾಲ್ಕು ವರ್ಷಗಳ ನಂತರ ‘ತವ್ವಾಬೂನ್’, ಎಂದರೆ ಪಶ್ಚಾತ್ತಾಪಪಟ್ಟವರು, ಎಂಬ ಗುಂಪು ಹುಸೇನರ ಸಮಾಧಿಯ ಬಳಿ ಅತ್ತು, ಗೆಲ್ಲುವ ಆಸೆಯಿಲ್ಲದೆ ಸಿರಿಯಾದ ಸೈನ್ಯದ ಮೇಲೆ ನುಗ್ಗಿ ಬಹುಮಟ್ಟಿಗೆ ನಾಶವಾಯಿತು. ಯಾರು ಆಳಬೇಕು ಎಂಬ ವಾದದ ಜಾಗದಲ್ಲಿ ಈಗ ಶೋಕ, ತ್ಯಾಗ, ಪ್ರಾಯಶ್ಚಿತ್ತ ಎಂಬ ಧಾರ್ಮಿಕ ಭಾವನೆಗಳು ಬಂದು ನಿಂತವು. ಅಲಿಯವರ ಪಕ್ಷ ಧಾರ್ಮಿಕ ಸಮುದಾಯವಾಗತೊಡಗಿದ್ದು ಈ ಹಂತದಲ್ಲಿ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ದಿನ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದಗಳಲ್ಲಿ ಬರುವ ಹಸನ್, ಹುಸೇನರು ಇವರೇ. ಆ ಹಾಡು ಹೇಳುವವರಲ್ಲಿ ಹಿಂದೂಗಳೂ ಸುನ್ನಿಗಳೂ ಇರುತ್ತಾರೆ. ಹುಸೇನರ ಸಾವಿನ ದುಃಖ ಒಂದೇ ಪಂಗಡದ ಸ್ವತ್ತಾಗಿ ಉಳಿಯಲಿಲ್ಲ.

ಸಿದ್ಧಾಂತ ಬಂದದ್ದು ಕೊನೆಗೆ

ಇಷ್ಟಾದರೂ ಗೆರೆ ಇನ್ನೂ ಸ್ಪಷ್ಟವಾಗಿರಲಿಲ್ಲ. 740ರಲ್ಲಿ ಹುಸೇನರ ಮೊಮ್ಮಗ ಝೈದ್ ಕೂಫಾದಲ್ಲಿ ದಂಗೆ ಎದ್ದಾಗ, ಅಬೂಬಕರ್ ಮತ್ತು ಉಮರ್ ಅವರನ್ನು ಖಂಡಿಸಲು ಅವರು ಒಪ್ಪದ ಕಾರಣ ಕೆಲವರು ಬಿಟ್ಟುಹೋದರೆಂದು ಇತಿಹಾಸಕಾರರು ಬರೆದಿದ್ದಾರೆ. ಮೊದಲ ಖಲೀಫರ ವಿಷಯದಲ್ಲಿ ಶಿಯಾಗಳಲ್ಲೇ ಒಮ್ಮತ ಇರಲಿಲ್ಲ ಎಂಬುದಕ್ಕೆ ಇದು ನಿದರ್ಶನ. ಇದೇ ಕಾಲದಲ್ಲಿ, 765ರಲ್ಲಿ ತೀರಿಕೊಂಡ ಇಮಾಮ್ ಜಾಫರ್ ಸಾದಿಖರ ಸುತ್ತ ಶಿಯಾ ತತ್ತ್ವ ಖಚಿತ ರೂಪ ಪಡೆಯಿತು. ಇಮಾಮರನ್ನು ಜನ ಆರಿಸುವುದಿಲ್ಲ. ದೇವರ ಇಚ್ಛೆಯಂತೆ ಹಿಂದಿನ ಇಮಾಮರು ಮುಂದಿನವರನ್ನು ಹೆಸರಿಸುತ್ತಾರೆ. ಅವರ ಜ್ಞಾನ ಪ್ರಶ್ನಾತೀತ. ಕೈಯಲ್ಲಿ ರಾಜ್ಯ ಇಲ್ಲದಿದ್ದರೂ ಅವರೇ ನಿಜವಾದ ನಾಯಕರು ಎಂಬುದು ಅದರ ಸಾರ. ಸೋತವರ ಅನುಭವದಿಂದ ಹುಟ್ಟಿದ ತತ್ತ್ವ ಇದು.

ಇನ್ನೊಂದು ಕಡೆ, ಮೊದಲ ನಾಲ್ವರು ಖಲೀಫರನ್ನು ಅಲಿಯವರನ್ನೂ ಸೇರಿಸಿ ಸನ್ಮಾರ್ಗದವರು ಎಂದು ಗೌರವಿಸಬೇಕು, ಆಂತರಿಕ ಯುದ್ಧಗಳಲ್ಲಿ ಯಾರು ತಪ್ಪು ಎಂದು ತೀರ್ಪು ಕೊಡಬಾರದು, ಸಮುದಾಯದ ಐಕ್ಯವೇ ದೊಡ್ಡದು ಎಂಬ ಸುನ್ನಿ ನಿಲುವು ಒಂಬತ್ತನೆಯ ಶತಮಾನದ ಹೊತ್ತಿಗೆ ಗಟ್ಟಿಯಾಯಿತು. ಆಯ್ಕೆಯ ನಿಯಮವನ್ನೂ ಸುನ್ನಿ ಪಂಡಿತರು ಹಿಂದೆ ನಡೆದದ್ದರಿಂದಲೇ ಹೊರತೆಗೆದರು. 1058ರಲ್ಲಿ ತೀರಿಕೊಂಡ ಬಗ್ದಾದಿನ ನ್ಯಾಯಶಾಸ್ತ್ರಜ್ಞ ಮಾವರ್ದಿ, ಖಲೀಫರನ್ನು ಆರಿಸಲು ಕನಿಷ್ಠ ಎಷ್ಟು ಜನ ಬೇಕು ಎಂಬ ಪ್ರಶ್ನೆಗೆ ಇದ್ದ ಅಭಿಪ್ರಾಯಗಳನ್ನು ಪಟ್ಟಿ ಮಾಡುತ್ತಾರೆ. ಐವರು ಸಾಕು ಎಂಬುದು ಒಂದು ಮತ. ಕಾರಣ, ಸಖೀಫಾದಲ್ಲಿ ಮೊದಲು ಬೈಅತ್ ಮಾಡಿದವರು ಐವರು, ಉಮರ್ ಅವರ ಸಮಿತಿಯಲ್ಲಿಯೂ ಒಬ್ಬರನ್ನು ಐವರು ಒಪ್ಪಬೇಕಿತ್ತು. ಅವಸರದಲ್ಲಿ ನಡೆದದ್ದು ನಾಲ್ಕು ನೂರು ವರ್ಷಗಳ ಬಳಿಕ ಶಾಸ್ತ್ರವಾಗಿತ್ತು.

ಹಾಗಾದರೆ ಪರೀಕ್ಷೆಯಲ್ಲಿ ಈ ಕವಲಿಗೆ ಕಾರಣವೇನು ಎಂದು ಕೇಳಿದರೆ ಏನೆಂದು ಬರೆಯುವಿರಿ? 632ರಲ್ಲಿ ಉತ್ತರಾಧಿಕಾರಕ್ಕೆ ಒಪ್ಪಿತ ನಿಯಮ ಇರಲಿಲ್ಲ ಎಂಬುದನ್ನು ಮೊದಲು ಬರೆಯಿರಿ. ವಿಸ್ತಾರಗೊಂಡ ರಾಜ್ಯದ ಹಣ ಮತ್ತು ಹುದ್ದೆಗಳು ಆ ಕೊರತೆಯನ್ನು 656ರಲ್ಲಿ ಯುದ್ಧವಾಗಿಸಿದವು ಎಂಬುದನ್ನು ಅದರ ಮುಂದೆ ಬರೆಯಿರಿ. 680ರ ಕರ್ಬಲಾ ಆ ಯುದ್ಧಕ್ಕೆ ಧಾರ್ಮಿಕ ಅರ್ಥ ಕೊಟ್ಟಿತು ಎಂಬುದನ್ನು ಕೊನೆಗೆ ಸೇರಿಸಿ. ಈ ಮೂರರ ಕ್ರಮವನ್ನು ಅದಲುಬದಲು ಮಾಡಿದರೆ, ಒಂದೇ ಮಸೀದಿಯಲ್ಲಿ ಇಪ್ಪತ್ತನಾಲ್ಕು ವರ್ಷ ಅಬೂಬಕರ್, ಉಮರ್, ಉಸ್ಮಾನರ ಜೊತೆಯಲ್ಲಿ ಅಲಿಯವರೂ ಹೇಗೆ ಪ್ರಾರ್ಥಿಸಿದರು ಎಂಬುದನ್ನು ವಿವರಿಸಲು ಸಾಧ್ಯವಾಗುವುದಿಲ್ಲ.